ಮತ್ತೆ ಮೊದಲಿನಿಂದ ಎಣಿಸಿದವನು

ಬಟ್ಟೆ ಒಗೆಯುವ ಯಂತ್ರಗಳ ಕಂಪನಿಯೊಂದರ ದೂರು ವಿಭಾಗದಲ್ಲಿ ದಿನವಿಡೀ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುವ ಅವನಿಗೆ ಜೊತೆಯವರು ಇಟ್ಟ ಹೆಸರು 'ಸರಿಹೋಗತ್ತೆ'. ಯಂತ್ರ ಕುಣಿಯುತ್ತಾ ಬಚ್ಚಲಿನಿಂದ ಪಡಸಾಲೆಗೆ ಬಂದಿದೆ ಎಂದು ಗಿರಾಕಿ ಕಿರುಚಿದರೂ ಅವನದು ಅದೇ ಮಾತು. ನೀರು ಸೋರಿ ಕೆಳಗಿನ ಮನೆಯವರು ಜಗಳಕ್ಕೆ ನಿಂತಿದ್ದಾರೆ ಎಂದರೂ ಅದೇ ಮಾತು. "ಹೊಸದಲ್ವಾ ಮೇಡಂ, ಸ್ವಲ್ಪ ಓಡ್ಲಿ, ಸರಿಹೋಗತ್ತೆ." ದನಿಯಲ್ಲಿ ಎಷ್ಟು ಬೆಣ್ಣೆಯೆಂದರೆ, ಬೈಯಲು ಫೋನು ಮಾಡಿದವರು ಕೊನೆಗೆ ಥ್ಯಾಂಕ್ಸ್ ಹೇಳಿ ಇಡುತ್ತಿದ್ದರು. ನಮ್ಮಂಥ ಸಂಬಳದವರಲ್ಲಿ ಕೆಲವರಿಗೆ ಕೈಯಲ್ಲಿ ಕಸುಬಿರುತ್ತದೆ, ಕೆಲವರಿಗೆ ತಲೆಯಲ್ಲಿ. ಅವನಿಗಿದ್ದದ್ದು ಗಂಟಲಲ್ಲಿ ಮಾತ್ರ.

ಅದರ ಜೊತೆಗೆ ಇನ್ನೊಂದು ವಿದ್ಯೆಯೂ ಇತ್ತು. ಎರಡು ವಾರ ದಾಟಿದ ದೂರು ಅವರ ಕಂಪ್ಯೂಟರಿನಲ್ಲಿ ಕೆಂಪಾಗುತ್ತಿತ್ತು. ಕೆಂಪಾದರೆ ಮೇಲಿನವನು ಕುರ್ಚಿಯ ಹಿಂದೆ ಬಂದು ನಿಂತು ಉಸಿರು ಬಿಡುತ್ತಿದ್ದ. ಆದ್ದರಿಂದ ದೂರು ಹಣ್ಣಾಗುವ ಮೊದಲೇ ಗಿರಾಕಿಗೆ ಫೋನು ಮಾಡಿ, "ಇವತ್ತು ಹೇಗಿದೆ ಸಾರ್?" ಎಂದು ಕೇಳುವುದು. ಆತ, "ಇವತ್ತೇನೋ ಪರವಾಗಿಲ್ಲಪ್ಪ" ಎಂದನೋ, ಮುಗಿಯಿತು. ದೂರು ಬಗೆಹರಿದಿದೆ ಎಂದು ಮುಚ್ಚುವುದು. ಮರುದಿನ ಆತ ಮತ್ತೆ ಬೊಬ್ಬೆ ಹಾಕಿದರೆ ಅದು ಹೊಸ ದೂರು, ಎಣಿಕೆ ಮತ್ತೆ ಒಂದರಿಂದ ಶುರು. ಹೀಗೆ ಒಂದೇ ಯಂತ್ರ ವರ್ಷವಿಡೀ ಕೆಟ್ಟಿದ್ದರೂ ಕಂಪ್ಯೂಟರಿನಲ್ಲಿ ಅದು ಎಂದೂ ಎರಡು ವಾರ ಕೆಟ್ಟಿರುತ್ತಿರಲಿಲ್ಲ. ಈ ಕೆಲಸದಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಅವನ ಪರದೆ ಸದಾ ಹಸಿರು.

ಅವನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಗಾಜು ಸವೆಸಿ ಚೌಕಟ್ಟಿಗೆ ಕೂರಿಸುವವಳು. ಕಣ್ಣು ಚೂಪು, ನಾಲಿಗೆ ಅದಕ್ಕಿಂತ ಚೂಪು. ಮೊದಲ ಸಲ ಕನ್ನಡಕ ಮಾಡಿಸಲು ಹೋದವನಿಗೆ, "ಇಷ್ಟು ದಿನ ಹೇಗೆ ರಸ್ತೆ ದಾಟ್ತಿದ್ರಿ? ಅಂದಾಜಲ್ಲಾ?" ಎಂದಿದ್ದಳು. ಅವನು ಅಲ್ಲಿಯೇ ಮನಸೋತು ಬಿದ್ದ. ಮದುವೆಯಾದ ಮೇಲೂ ಅವನನ್ನು ನೀನು ಎಂದೇ ಕರೆಯುತ್ತಿದ್ದಳು. ಅದು ಅವನ ತಾಯಿಗೆ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು.

ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ಬಿಡುಗಡೆಯಾಗುವ ಹೊತ್ತಿಗೆ ಹೆಂಡತಿ ಅಳುತ್ತಿದ್ದಳು. ಕಾರಣವಿಲ್ಲ. ಮಗುವಿನ ಕಾಲಿನ ಉಗುರು ನೋಡಿ ಅತ್ತಳು, ಚಹಾ ಆರಿಹೋಯಿತೆಂದು ಅತ್ತಳು, ಅಳುತ್ತಿದ್ದೇನಲ್ಲಾ ಎಂದು ನಕ್ಕು, ಆಮೇಲೆ ಅದಕ್ಕೂ ಅತ್ತಳು.

ವಾರ್ಡಿನ ನರ್ಸು ಅವನನ್ನು ಬಾಗಿಲ ಬಳಿ ಕರೆದು ಹೇಳಿದಳು. "ಗಾಬರಿ ಆಗ್ಬೇಡಿ. ಹೆರಿಗೆಯಾಗಿ ಎರಡು ಮೂರು ದಿನಕ್ಕೆ ಹೀಗೆ ಅಳು ಬರೋದು ತುಂಬಾ ಜನಕ್ಕೆ ಇದ್ದಿದ್ದೇ. ಹಾರ್ಮೋನು ದಢಕ್ಕಂತ ಇಳಿದಿರುತ್ತೆ, ನಿದ್ದೆ ಬೇರೆ ಇರಲ್ಲ. ಅವರಿಗೆ ಸ್ವಲ್ಪ ಮಲಗೋಕೆ ಬಿಡಿ, ಕೈಗೆ ಆಸರೆಯಾಗಿರಿ. ಹೆಚ್ಚಂದ್ರೆ ಎರಡು ವಾರ, ತಾನಾಗೇ ಹೋಗುತ್ತೆ. ಎರಡು ವಾರ ದಾಟಿದ್ರೆ ಮಾತ್ರ ಕಾಯ್ಬೇಡಿ, ಕರ್ಕೊಂಡ್ ಬನ್ನಿ. ಆಮೇಲಿನದು ಬೇರೆ ಥರದ್ದು, ಅದಕ್ಕೆ ಚಿಕಿತ್ಸೆ ಬೇಕು."

ಎರಡು ವಾರ. ಅವನಿಗೆ ಆ ಮಾತು ತಾಯ್ನುಡಿಯಂತೆ ಕೇಳಿಸಿತು.

ಮನೆಗೆ ಬಂದ ಮೇಲೆ ಅಳು ನಿಲ್ಲಲಿಲ್ಲ, ಬಣ್ಣ ಬದಲಿಸಿತು. ಮೊದಲ ವಾರ ಅವಳು ಅತ್ತರೆ ಹಿಂದೆಯೇ ನಗು ಬರುತ್ತಿತ್ತು, ಮಗುವನ್ನು ಎದೆಗವಚಿಕೊಂಡು ಮೂಸುತ್ತಿದ್ದಳು. ಆಮೇಲಾಮೇಲೆ ಮೂಸುವುದು ನಿಂತಿತು. ಹಾಲು ಕುಡಿಸುವಾಗ ಗೋಡೆ ನೋಡುತ್ತಿದ್ದಳು. ಮಗು ಮಲಗಿದರೂ ಅವಳು ಮಲಗುತ್ತಿರಲಿಲ್ಲ, ಕಣ್ಣು ತೆರೆದು ಮಂಚದ ಅಂಚಿನಲ್ಲಿ ಕೂತಿರುತ್ತಿದ್ದಳು. ತಟ್ಟೆಯ ಅನ್ನ ಒಣಗುತ್ತಿತ್ತು. ತಲೆ ಬಾಚುತ್ತಿರಲಿಲ್ಲ. ಅಂಗಡಿಯ ಗೆಳತಿಯರು ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಅವಳ ಅಕ್ಕ ಫೋನು ಮಾಡಿದರೆ ಅವನೇ ಎತ್ತಿ, ಮಲಗಿದ್ದಾಳೆ ಎನ್ನುತ್ತಿದ್ದ.

ಅವನ ತಾಯಿ ಮನೆಯ ಒಂದೊಂದು ಮೂಲೆಯಿಂದಲೂ ಒಂದೊಂದು ಮಾತು ಎಸೆಯುತ್ತಿದ್ದಳು.

"ನಾನೂ ಹೆತ್ತಿದೀನಮ್ಮ, ಮೂರು. ಅಳೋಕೆ ಪುರುಸೊತ್ತೆಲ್ಲಿತ್ತು?"

"ಅತ್ತೆ, ನಂಗೆ ಏನೋ ಆಗ್ತಿದೆ."

"ಏನೂ ಆಗ್ತಿಲ್ಲ, ಅದೇ ತೊಂದ್ರೆ. ಏನಾದ್ರೂ ಮಾಡು, ಎಲ್ಲ ಆಗುತ್ತೆ. ಬಾಟಲಿ ತೊಳೆದಿಲ್ಲ ನೋಡು."

ಅಕ್ಕಪಕ್ಕದವರು ಮಗು ನೋಡಲು ಬಂದರೆ ಇದೇ ತಾಯಿ ಪರಿಚಯ ಮಾಡಿಕೊಡುತ್ತಿದ್ದಳು. "ಇದು ಮಗು. ಅದು ಅದಕ್ಕಿಂತ ದೊಡ್ಡ ಮಗು. ಇದು ಹಸಿವಾದ್ರೆ ಅಳುತ್ತೆ, ಅದು ಸುಮ್ಮನೆ ಅಳುತ್ತೆ." ಬಂದವರು ನಗುತ್ತಿದ್ದರು. ಅವನೂ ನಗುತ್ತಿದ್ದ. ಹಲ್ಲು ಕಿರಿಯುವುದಕ್ಕೇ ಅವನಿಗೆ ಸಂಬಳ ಬರುತ್ತಿದ್ದದ್ದು, ಅಭ್ಯಾಸ ಬಿಡಬೇಕಲ್ಲ.

ಅವನು ಎಣಿಸುತ್ತಿರಲಿಲ್ಲ ಎಂದಲ್ಲ. ಎಣಿಸುತ್ತಿದ್ದ, ಬಲು ಕಟ್ಟುನಿಟ್ಟಾಗಿ. ಎರಡು ವಾರ ಮುಗಿಯಲು ಒಂದು ದಿನವಿದೆ ಎನ್ನುವಾಗ ಆಫೀಸಿಗೆ ಹೊರಡುತ್ತಾ ಕೇಳಿದ. "ಇವತ್ತು ಹೇಗಿದೀಯಾ?"

"ಪರವಾಗಿಲ್ಲ," ಎಂದಳು ಅವಳು. ಬೇರೇನೂ ಹೇಳುವ ಶಕ್ತಿಯಿರಲಿಲ್ಲ.

ಪರವಾಗಿಲ್ಲ ಎಂದರೆ ಬಗೆಹರಿಯಿತು. ಮರುದಿನ ಅವಳು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುವುದು ಕೇಳಿಸಿದಾಗ ಅವನು ಮನಸ್ಸಿನಲ್ಲಿ ಹೊಸದಾಗಿ ಒಂದು ಎಂದು ಎಣಿಸಿದ. ಒಂದು ಬೆಳಿಗ್ಗೆ ಅವಳು ಸ್ನಾನ ಮಾಡಿದಳು, ಅಲ್ಲಿಗೆ ಅದೂ ಮುಚ್ಚಿತು. ಮತ್ತೆ ಅತ್ತಳು, ಮತ್ತೆ ಒಂದು. ಬೇಕೆಂದೇ ಮಾಡಿದ್ದಲ್ಲ. ಕುದುರೆಗಾಡಿಯವನ ಕೈ ಕನಸಿನಲ್ಲೂ ಲಗಾಮು ಎಳೆಯುವಂತೆ ಅವನ ತಲೆ ಮನೆಯಲ್ಲೂ ದೂರು ಮುಚ್ಚುತ್ತಿತ್ತು.

ಮಗುವಿಗೆ ಆರು ವಾರದ ಲಸಿಕೆ ಹಾಕಿಸಲು ಹೋಗುವ ಹಿಂದಿನ ದಿನ ಒಂದು ವಿಶೇಷ ನಡೆಯಿತು. ಅವಳು ತಲೆ ಬಾಚಿಕೊಂಡು, ಮಗುವಿಗೆ ಹಳದಿ ಅಂಗಿ ತೊಡಿಸಿ, ಕಿಟಕಿಯ ಬಳಿ ಕೂತು, ಅವನನ್ನು ನೋಡಿ ನಕ್ಕಳು. ಮುಖ ತಿಳಿಯಾಗಿತ್ತು. ಅವನು ಮೊಬೈಲಿನಲ್ಲಿ ಫೋಟೋ ತೆಗೆದು ಬಂಧುಬಳಗಕ್ಕೆಲ್ಲ ಕಳಿಸಿದ. ತಾಯಿ ನೋಡಿ, "ನೋಡ್ದ್ಯಾ? ಎಲ್ಲಾ ನಾಟಕ. ನಾವು ತಲೆ ಕೆಡಿಸ್ಕೊಳ್ಲಿಲ್ಲ, ಸುಮ್ಮನಾದ್ಲು," ಎಂದಳು.

ಮರುದಿನ ಲಸಿಕೆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚುಚ್ಚಿಸಿಕೊಂಡ ಮಕ್ಕಳು ಅರಚುತ್ತಿದ್ದವು, ಅದನ್ನು ಕೇಳಿ ಚುಚ್ಚಿಸಿಕೊಳ್ಳದವೂ ಅರಚುತ್ತಿದ್ದವು. ಲಸಿಕೆಯ ಸಿಸ್ಟರ್ ಗಿಡ್ಡನೆಯ, ದಪ್ಪ ಕನ್ನಡಕದ ಹೆಂಗಸು. ಮಗುವಿನ ತೊಡೆ ಒರೆಸುತ್ತಲೇ ತಾಯಿಯ ಕಡೆ ತಿರುಗಿ, "ನೀವು ಹೇಗಿದೀರಮ್ಮಾ? ಮನಸ್ಸು? ನಿದ್ದೆ?" ಎಂದಳು.

ಹೆಂಡತಿ ಬಾಯಿ ತೆರೆದಳು. ಅಷ್ಟರಲ್ಲಿ ಅವನ ಗಂಟಲು ಮುಂದೆ ಬಂತು. "ಮೊದ್ಲು ಸ್ವಲ್ಪ ಅಳ್ತಿದ್ಲು ಸಿಸ್ಟರ್. ಈಗ ಎಲ್ಲಾ ಸರಿಹೋಗಿದೆ. ಚೆನ್ನಾಗಿದಾಳೆ."

"ಹೌದೇನಮ್ಮಾ?"

ಅವಳು ತೆರೆದ ಬಾಯಿಯನ್ನು ಮುಚ್ಚಿ, "ಹ್ಞೂಂ" ಎಂದಳು. ಹಿಂದಿನವರು ತಳ್ಳುತ್ತಿದ್ದರು. ಸಿಸ್ಟರ್ ಒಂದು ಕ್ಷಣ ನೋಡಿ, ಮುಂದಿನ ಮಗುವನ್ನು ಕರೆದಳು.

ಅಲ್ಲಿಂದ ಮುಂದಿನ ವಾರಗಳು ಕೆಟ್ಟವು. ಆ ತಿಳಿಮುಖ ಒಂದೆರಡು ದಿನವೂ ನಿಲ್ಲಲಿಲ್ಲ. ಈಗ ಅವಳು ಅಳುವುದೂ ಕಡಿಮೆಯಾಯಿತು. ಅಳುವುದಕ್ಕೂ ಒಳಗೆ ಏನಾದರೂ ಇರಬೇಕಷ್ಟೆ. ಮಗು ಚೀರಿದರೆ ಎದ್ದು ಹೋಗಿ ಹಾಲು ಕುಡಿಸುತ್ತಿದ್ದಳು, ಕೂಲಿಯವರ ಕೆಲಸದಂತೆ. "ನಾನು ಇದಕ್ಕೆ ಸರಿಯಾದ ತಾಯಿ ಅಲ್ಲ," ಎಂದಳು ಒಂದು ದಿನ, ಲೆನ್ಸಿನ ನಂಬರು ಹೇಳುವ ದನಿಯಲ್ಲಿ.

"ಹಾಗೆಲ್ಲ ಅನ್ಬಾರ್ದು."

"ನಾನಿಲ್ದೇ ಇದ್ರೆ ನಿಮ್ಮೆಲ್ಲರಿಗೂ ಸಲೀಸು."

"ಏಯ್, ಹುಚ್ಚಾ? ಒಂದೆರಡು ವಾರ ತಡಿ. ಸರಿಹೋಗತ್ತೆ."

ಅವಳು ಅವನನ್ನು ನೋಡಿದಳು. ಹಿಂದೆ ಇಂಥ ಮಾತಿಗೆ ಅವಳಿಂದ ಏಟಿನಂಥ ಉತ್ತರ ಬರುತ್ತಿತ್ತು. ಈ ಸಲ ಬರಲಿಲ್ಲ. ಅದರಿಂದ ಅವನಿಗೆ ನಿರಾಳವೆನಿಸಿತು. ಜಗಳವಾಡದ ಗಿರಾಕಿ ಯಾರಿಗೆ ಬೇಡ?

ಹತ್ತು ವಾರದ ಲಸಿಕೆಗೆ ಹೋದಾಗ ಅದೇ ಸಿಸ್ಟರ್ ಇದ್ದಳು. ಹೆಂಡತಿಯ ಮುಖ ನೋಡಿದವಳೇ ಸಿರಿಂಜು ಕೆಳಗಿಟ್ಟಳು. ಅವನ ಕೈಗೆ ಮಗುವನ್ನು ಕೊಟ್ಟು, "ಹೊರಗೆ ಕೂತ್ಕೊಳಿ. ಕರೆದಾಗ ಬಂದ್ರೆ ಸಾಕು," ಎಂದಳು.

"ನಾನೂ ಇರ್ತೀನಿ ಸಿಸ್ಟರ್, ಅವಳಿಗೆ ಸರಿಯಾಗಿ ಹೇಳೋಕೆ ಬರಲ್ಲ."

"ಹೋದ ಸಲ ನೀವು ಹೇಳಿದ್ದು ಕೇಳಾಯ್ತು. ನಡೀರಿ."

ಹೊರಗಿನ ಬೆಂಚಿನಲ್ಲಿ ತಾಯಂದಿರ ನಡುವೆ ಅವನೊಬ್ಬನೇ ಗಂಡಸು. ಮಗು ಅವನ ಅಂಗಿ ಒದ್ದೆ ಮಾಡಿತು. ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಸಿಸ್ಟರ್ ಬಾಗಿಲಿಗೆ ಬಂದು ನಿಂತಳು.

"ಇದು ಯಾವಾಗಿಂದ ಹೀಗಿದೆ?"

"ಐದು ದಿನ ಆಯ್ತು."

"ಐದು ದಿನವಾ? ನಿಮ್ಮ ಹೆಂಡತಿ ಹೇಳ್ತಿರೋದೇ ಬೇರೆ."

"ಅಂದ್ರೆ, ಈ ಸಲದ್ದು ಐದು ದಿನ ಸಿಸ್ಟರ್."

"ಈ ಸಲದ್ದು ಅಂದ್ರೆ ಏನ್ರೀ?"

ಅವನು ವಿವರಿಸಿದ. ಪಾಪ, ಪ್ರಾಮಾಣಿಕವಾಗಿಯೇ ವಿವರಿಸಿದ. ಎರಡು ವಾರ ದಾಟಿದರೆ ಕರೆತರಲು ಹೇಳಿದ್ದರು, ಒಂದು ಸಲವೂ ದಾಟಿಲ್ಲ, ನಡುನಡುವೆ ಚೆನ್ನಾಗಿರುತ್ತಾಳೆ, ಹಾಗಾದಾಗ ಹಳೆಯದು ಮುಗಿಯುತ್ತದೆ, ಮತ್ತೆ ಶುರುವಾದರೆ ಮೊದಲಿನಿಂದ ಎಣಿಸಬೇಕು. ಹೇಳುತ್ತಾ ಹೇಳುತ್ತಾ ತನ್ನ ದನಿಗೆ ಬೆಣ್ಣೆ ಬರುವುದು ಅವನಿಗೇ ಕೇಳಿಸಿತು. ಬೆಂಚಿನಲ್ಲಿದ್ದ ಒಬ್ಬ ಹೆಂಗಸು ಪಕ್ಕದವಳಿಗೆ, "ಜ್ಞಾನಿ ಕಣೇ," ಎಂದಳು. ಬೆಂಚಿಗೆ ಬೆಂಚೇ ಕಿಸಕ್ಕೆಂದಿತು.

ಸಿಸ್ಟರ್ ನಗಲಿಲ್ಲ. "ಆ ಬಾಣಂತಿ ಅಳು ಇದೆಯಲ್ಲ, ಅದು ಮೊದಲ ವಾರದಲ್ಲಿ ಬರುತ್ತೆ, ಎರಡು ವಾರದೊಳಗೆ ಹೋಗುತ್ತೆ. ಒಂದೇ ಸಲ. ಎರಡನೇ ತಿಂಗಳಲ್ಲಿ ಹೊಸದಾಗಿ ಬರಲ್ಲ. ಒಂದು ದಿನ ತಲೆ ಬಾಚಿಕೊಂಡ್ರೆ ಕಾಯಿಲೆ ಮುಗೀತು ಅಂತ ಯಾರ್ರೀ ಹೇಳಿದ್ದು ನಿಮಗೆ? ಇದು ಖಿನ್ನತೆ. ಎಂಟು ವಾರ ನೀವು ಇದನ್ನ ಜೋಬಲ್ಲಿಟ್ಕೊಂಡು ಓಡಾಡಿದೀರಿ."

"ಇನ್ನು ಎಷ್ಟು ದಿನಕ್ಕೆ..."

"ಬಿಟ್ರೆ ತಿಂಗಳುಗಟ್ಟಲೆ, ವರ್ಷವಾದ್ರೂ ಇರುತ್ತೆ. ಅಷ್ಟು ದಿನ ಅವರೇ ಇರ್ತಾರಾ ಅನ್ನೋದು ಪ್ರಶ್ನೆ." ಅವಳು ದನಿ ತಗ್ಗಿಸಿದಳು. "ಸಾಯೋ ಯೋಚನೆ ಬರುತ್ತೆ ಅಂದಿದಾರೆ. ಮನೆಗೆ ಕರ್ಕೊಂಡ್ ಹೋಗೋ ಹಾಗಿಲ್ಲ. ಮೇಲಿನ ಮಹಡಿಲಿ ಮನೋವೈದ್ಯರಿದಾರೆ, ಫೋನ್ ಮಾಡಿದೀನಿ. ಈಗಲೇ ನಡೀರಿ."

ಮೆಟ್ಟಿಲ ಬಳಿ ನಿಂತು ಅವನು ತಾಯಿಗೆ ಫೋನು ಮಾಡಿದ. ಆ ಕಡೆಯಿಂದ ಒಂದೇ ಉಸಿರು. "ಹುಚ್ಚಿನ ಡಾಕ್ಟರಾ? ನಾಳೆ ಜನ ಏನಂತಾರೆ? ಮಗು ಹೆಣ್ಣು ಬೇರೆ. ಸುಮ್ಮನೆ ಕರ್ಕೊಂಡ್ ಬಾ ಅಂತೀನಿ, ಎರಡು ಬೈದ್ರೆ ಎದ್ದು ಕೂತ್ಕೋತಾಳೆ." ಅವನು, "ಹ್ಞೂಂ ಅಮ್ಮ, ಹ್ಞೂಂ," ಎಂದ. ಗೋಡೆಗೆ ಒರಗಿದ್ದ ಹೆಂಡತಿಗೆ ಎರಡೂ ಕಡೆಯ ಮಾತು ಕೇಳಿಸುತ್ತಿತ್ತು. ಮೆಟ್ಟಿಲು ಮೊದಲು ಹತ್ತಿದವಳು ಅವಳು. ಅವನಲ್ಲ.

ಮನೋವೈದ್ಯೆ ಅವಸರವಿಲ್ಲದ ಹೆಂಗಸು. ಹೆಂಡತಿಯೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದ ಮೇಲೆ, ಅವಳ ಒಪ್ಪಿಗೆ ಕೇಳಿ ಅವನನ್ನೂ ಒಳಗೆ ಕರೆದಳು.

"ಹಿಂದೆ ಯಾವಾಗಾದ್ರೂ ಹೀಗಾಗಿತ್ತಾ? ಮನೇಲಿ ಬೇರೆ ಯಾರಿಗಾದ್ರೂ?" ಹೆಂಡತಿ ಇಲ್ಲವೆಂದಳು. "ಮಗುಗೆ ಏನಾದ್ರೂ ಮಾಡಿಬಿಡ್ಬೇಕು ಅನ್ಸಿದ್ಯಾ? ಯಾರೂ ಇಲ್ದೇ ಇದ್ರೂ ದನಿ ಕೇಳಿಸುತ್ತಾ? ಬೇರೆಯವರಿಗೆ ಕಾಣದ್ದು ಕಾಣಿಸುತ್ತಾ?" ಅದಕ್ಕೂ ಇಲ್ಲವೆಂದು ತಲೆಯಾಡಿಸಿದಳು. "ಒಳ್ಳೇದು. ಹಾಗೇನಾದ್ರೂ ಶುರುವಾದ್ರೆ ಅದು ಇನ್ನೂ ಬೇರೆ ಕಾಯಿಲೆ, ಒಂದು ಗಂಟೆಯೂ ಕಾಯೋ ಹಾಗಿಲ್ಲ."

ಅವನಿಗೆ ತನ್ನ ಕಡೆಯದನ್ನೂ ಹೇಳಬೇಕೆನಿಸಿತು. ತಾನೇನೂ ಕಟುಕನಲ್ಲ ಎಂದು ಈ ದೊಡ್ಡವರಿಗೆ ತಿಳಿಯಬೇಡವೇ? ಮೊಬೈಲು ತೆಗೆದು ಮೇಜಿನ ಮೇಲಿಟ್ಟ. "ಮಧ್ಯದಲ್ಲಿ ತುಂಬಾ ಚೆನ್ನಾಗಿದ್ಲು ಮೇಡಂ. ನೋಡಿ, ಹೇಗೆ ನಗ್ತಿದಾಳೆ."

ಹಳದಿ ಅಂಗಿಯ ಮಗು, ಕಿಟಕಿಯ ಬೆಳಕು, ತಿಳಿಯಾದ ಮುಖ.

ಹೆಂಡತಿ ಆ ಫೋಟೋವನ್ನು ನೋಡುತ್ತಲೇ ಹೇಳಿದಳು. "ಅವತ್ತು ಬೆಳಿಗ್ಗೆ ನಿರ್ಧಾರ ಮಾಡಿದ್ದೆ. ಇನ್ನು ಸ್ವಲ್ಪ ದಿನ, ಆಮೇಲೆ ಮುಗಿಸಿಬಿಡೋದು ಅಂತ. ಎಷ್ಟೋ ವಾರದ ಮೇಲೆ ಹಗುರ ಅನ್ಸಿತ್ತು. ಅದಕ್ಕೇ ನಗು ಬಂತು. ಇವನಿಗೆ ಒಂದು ಒಳ್ಳೇ ಫೋಟೋ ಇರ್ಲಿ ಅಂತ ಕೂತ್ಕೊಂಡೆ."

ಅವನು ಮೊಬೈಲು ಎತ್ತಿಕೊಳ್ಳಲು ಕೈ ಚಾಚಿ, ಅಲ್ಲಿಯೇ ಬಿಟ್ಟ. ಆ ಫೋಟೋಗೆ ಬಂಧುಬಳಗದಿಂದ ಹೂವು, ಹೃದಯ, ಹೆಬ್ಬೆರಳು ಎಲ್ಲ ಬಂದಿದ್ದವು.

"ಅವತ್ತಿನ ಮರುದಿನ ಸಿಸ್ಟರ್ ಕೇಳಿದ್ರು," ಎಂದಳು ಅವಳು. "ಹೇಳೋಣ ಅಂತ ಬಾಯಿ ತೆಗೆದೆ. ಇವನು ಚೆನ್ನಾಗಿದಾಳೆ ಅಂದ. ಸರಿ, ಇನ್ನೇನು ಹೇಳೋದು ಅನ್ಸ್ತು."

"ನಂಗೆ ಗೊತ್ತಿರ್ಲಿಲ್ಲ," ಎಂದ ಅವನು.

"ಕೇಳಿರ್ಲಿಲ್ಲ," ಎಂದಳು ಅವಳು.

ವೈದ್ಯೆ ಅವರ ಜಗಳಕ್ಕೆ ತೀರ್ಪು ಕೊಡಲು ಹೋಗಲಿಲ್ಲ. "ಇದು ನಿಮ್ಮ ತಪ್ಪಲ್ಲಮ್ಮ, ನಿಮ್ಮ ಸೋಮಾರಿತನವೂ ಅಲ್ಲ, ಕಾಯಿಲೆ. ವಾಸಿಯಾಗೋ ಕಾಯಿಲೆ," ಎಂದು ಅವಳಿಗೆ ಮಾತ್ರ ಹೇಳಿದಳು. ಕೆಲವು ದಿನ ಮಗುವಿನ ಜೊತೆ ಇಲ್ಲಿಯೇ ಇರಬೇಕು. ರಕ್ತ ಪರೀಕ್ಷೆ ಮಾಡಿ ಥೈರಾಯ್ಡು, ರಕ್ತಹೀನತೆ ನೋಡಬೇಕು, ಅವೂ ಹೀಗೆ ಆಡಿಸುವುದುಂಟು. ಎದೆಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಗುಳಿಗೆಯಿದೆ, ಜೊತೆಗೆ ವಾರವಾರ ಕೂತು ಮಾತಾಡುವ ಚಿಕಿತ್ಸೆ. ಗುಳಿಗೆ ಇಂದು ನುಂಗಿ ನಾಳೆ ಹಗುರಾಗುವಂಥದ್ದಲ್ಲ, ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು. ಗುಣವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಬೇಕು. ಚೆನ್ನಾಗಿದ್ದೇನೆ ಎಂದು ನಡುವೆ ಬಿಟ್ಟರೆ ಮರಳಿ ಬರುತ್ತದೆ.

"ಜೊತೇಲಿ ಒಬ್ಬರು ಯಾವಾಗ್ಲೂ ಇರ್ಬೇಕು. ಯಾರಿದ್ರೆ ನಿಮಗೆ ಧೈರ್ಯ?"

ಅವನು ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತ. ರಜೆಯ ಲೆಕ್ಕ ಆಗಲೇ ಮನಸ್ಸಿನಲ್ಲಿ ಹಾಕುತ್ತಿದ್ದ.

"ಅಕ್ಕ," ಎಂದಳು ಅವಳು.

ಅಕ್ಕ ಮಧ್ಯಾಹ್ನದೊಳಗೆ ಬಂದಳು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು, ಸಾಲಿನ ಜನರ ಮೇಲೆ ರೇಗಿ ರೇಗಿ ಗಟ್ಟಿಯಾದ ದನಿ. ತಂಗಿಯನ್ನು ನೋಡಿದವಳೇ ಆ ದನಿ ಕಳೆದುಕೊಂಡು, ಚೀಲದಿಂದ ಬಾಚಣಿಗೆ ತೆಗೆದು, ಗಂಟುಗಟ್ಟಿದ್ದ ಅವಳ ಕೂದಲನ್ನು ಒಂದೊಂದೇ ಎಳೆಯಾಗಿ ಬಿಡಿಸುತ್ತಾ ಕೂತಳು. ಅವನ ಕಡೆ ತಿರುಗಿ ಹೇಳಿದ್ದು ಒಂದೇ ಮಾತು. "ಫೋನ್ ಮಾಡಿದಾಗೆಲ್ಲ ಮಲಗಿದಾಳೆ ಅಂತಿದ್ಯಲ್ಲಪ್ಪ, ಚೆನ್ನಾಗಿ ಮಲಗಿಸ್ತಿದ್ದೆ ಬಿಡು."

ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವಳು ಹೋದದ್ದು ಅಕ್ಕನ ಮನೆಗೆ. ಮೊದಲ ಮೂರು ವಾರ ಗುಳಿಗೆಯಿಂದ ಹೊಟ್ಟೆ ತೊಳಸಿದ್ದು ಬಿಟ್ಟರೆ ಏನೂ ಕಾಣಲಿಲ್ಲ. ಆಮೇಲೊಂದು ದಿನ ಎರಡು ಗಂಟೆ ಎಡೆಬಿಡದೆ ನಿದ್ದೆ ಮಾಡಿದಳು. ಆಮೇಲೊಂದು ದಿನ ಹಸಿವೆಂದಳು. ಮಗುವಿನ ಕತ್ತಿನ ಮಡಿಕೆಗೆ ಮೂಗು ತೂರಿಸಿದ್ದನ್ನು ಅಕ್ಕ ಕಂಡಳಂತೆ. ನಡುವೆ ಕೆಟ್ಟ ದಿನಗಳೂ ಬಂದವು. ಈ ಸುದ್ದಿಯೆಲ್ಲ ಅವನಿಗೆ ಅಕ್ಕನಿಂದ, ಟೆಲಿಗ್ರಾಂ ಓದಿದಂತೆ, ಎರಡೆರಡು ಮಾತಿನಲ್ಲಿ ಸಿಗುತ್ತಿತ್ತು.

ಅವನು ರಜೆಯ ದಿನಗಳಲ್ಲಿ ಹೋಗುತ್ತಿದ್ದ. ಕೊಟ್ಟ ಕೆಲಸ ಮಾಡುತ್ತಿದ್ದ. ಮಗುವಿನ ಬಟ್ಟೆ ಕೈಯಲ್ಲೇ ಒಗೆಯುತ್ತಿದ್ದ, ಅಕ್ಕನ ಮನೆಯಲ್ಲಿ ಯಂತ್ರವಿರಲಿಲ್ಲ. ಅದನ್ನು ನೋಡಿ ಅಕ್ಕನ ಗಂಡ ಒಮ್ಮೆ, "ಕಂಪನಿ ಮನುಷ್ಯನೇ ಕೈಯಲ್ಲಿ ಉಜ್ಜೋದಾದ್ರೆ ನಾವ್ಯಾಕೆ ಯಂತ್ರ ತಗೋಬೇಕು?" ಎಂದ. ಹೆಂಡತಿ ಒಳಕೋಣೆಯಲ್ಲಿ ಫಕ್ಕನೆ ನಕ್ಕಳು. ಆ ನಗುವಿಗೆ ಇವನ ಕೈಯಲ್ಲಿದ್ದ ಸೋಪು ಜಾರಿತು. ನಗುವನ್ನು ನಂಬುವ ಧೈರ್ಯ ಅವನಿಗೆ ಉಳಿದಿರಲಿಲ್ಲ. ಎದ್ದು ಬಾಗಿಲಲ್ಲಿ ನಿಂತು, ನೊರೆ ತೊಟ್ಟಿಕ್ಕುವ ಕೈಯಲ್ಲೇ ಕೇಳಿದ.

"ನಿಜವಾಗ್ಲೂ ನಕ್ಕೆಯಾ?"

"ಹ್ಞೂಂ. ನೆಲ ಒದ್ದೆ ಮಾಡ್ಬೇಡ."

"ಆ ಯೋಚನೆ ಈಗಲೂ ಬರುತ್ತಾ?"

ಈ ಪ್ರಶ್ನೆಯನ್ನು ಅವನು ಕೇಳಿದ್ದು ಅದೇ ಮೊದಲು. ಅವಳು ಕಣ್ಣಲ್ಲೇ ಅವನನ್ನು ಅಳೆದಳು.

"ಎರಡು ವಾರದಿಂದ ಬಂದಿಲ್ಲ. ಬಂದ್ರೆ ಅಕ್ಕನಿಗೆ ಹೇಳ್ತೀನಿ, ಡಾಕ್ಟರಿಗೆ ಹೇಳ್ತೀನಿ."

ನಂಗೆ? ಎಂದು ಕೇಳಲು ನಾಲಿಗೆ ತುದಿಗೆ ಬಂತು. ನುಂಗಿದ. ಅದರ ಬದಲಿಗೆ, ಅವನ ಹಣೆಬರಹ, ಇನ್ನೊಂದು ಬಾಯಿಗೆ ಬಂತು. "ಅಮ್ಮ ಕೇಳ್ತಿದ್ಲು. ಈಗ ಚೆನ್ನಾಗಿದಾಳಲ್ಲ, ಗುಳಿಗೆ ನಿಲ್ಸಿ ಮನೆಗೆ ಬರಬಹುದಲ್ಲಾ ಅಂತ."

ಅವಳು ಮಗುವನ್ನು ಭುಜಕ್ಕೆ ಹಾಕಿಕೊಂಡು ತೇಗಿಸುತ್ತಾ ನಿಂತಳು. ಈ ಸಲದ ಮಾತಿನಲ್ಲಿ ಕನ್ನಡಕದ ಅಂಗಡಿಯ ಹಳೆಯ ಚೂಪಿತ್ತು.

"ಗುಳಿಗೆ ಇನ್ನೂ ಎಷ್ಟು ದಿನ ಅಂತ ಡಾಕ್ಟರ್ ಹೇಳಿದಾರೆ. ನೀನು ಇನ್ನೂ ಎಷ್ಟು ದಿನ ಅಂತ ಅವರು ಹೇಳಿಲ್ಲ. ಅದನ್ನ ನಾನೇ ನೋಡ್ಕೋಬೇಕು."

"ಅಂದ್ರೆ?"

"ಅಂದ್ರೆ, ಒಗೆದಿದ್ದನ್ನ ಹಿಂಡಿ ಹಾಕು. ಮಳೆ ಬರೋ ಹಾಗಿದೆ."

ಅವನು ತಾರಸಿಗೆ ಹೋಗಿ ಚಿಕ್ಕ ಚಿಕ್ಕ ಅಂಗಿಗಳನ್ನು ಹಗ್ಗಕ್ಕೆ ಸಿಕ್ಕಿಸಿದ. ಮುಗಿಸಿ ಕೆಳಗಿಳಿದಾಗ ಒಳಕೋಣೆಯ ಬಾಗಿಲು ಹಾಕಿತ್ತು. ಅಕ್ಕ ಬೆರಳು ತುಟಿಗಿಟ್ಟು, ತಾಯಿ ಮಗು ಇಬ್ಬರೂ ಮಲಗಿದ್ದಾರೆ ಎಂದು ಸನ್ನೆ ಮಾಡಿ, ಅವನ ಚಪ್ಪಲಿಯನ್ನು ಕಾಲಿನಿಂದಲೇ ಅವನ ಕಡೆ ಸರಿಸಿದಳು.